ಐಸ್ ಕೊನೆಗೆ ಬರಲಿ

(ಮೈಸೂರಿನಲ್ಲಿ ಕಾಲೇಜು ನಾಟಕ ತಂಡದ ಹುಡುಗ ಹುಡುಗಿಯರಿಗಾಗಿ ನಡೆದ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ.)

ಬೆಳಿಗ್ಗೆ ನಿಮ್ಮಲ್ಲಿ ತುಂಬಾ ಜನ ನನ್ನ ಕೈಗೆ ಸ್ಕ್ರಿಪ್ಟ್ ಕೊಟ್ಟಿರಿ. ಊಟಕ್ಕೆ ಮುಂಚೆ ಎಲ್ಲವನ್ನೂ ಓದಿ ಮುಗಿಸಿದೆ. ಜೋಕುಗಳಿವೆ, ಒಳ್ಳೆಯವೇ ಇವೆ. ಆದರೆ ಹೆಚ್ಚಿನ ಸ್ಕ್ರಿಪ್ಟುಗಳಲ್ಲಿ ಬರೀ ಮಾತಿದೆ. ಯಾರು ಎಲ್ಲಿ ಸುಮ್ಮನಿರಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಆಗ ಕೈ ಏನು ಮಾಡುತ್ತಿರಬೇಕು ಅನ್ನುವುದು ಎಲ್ಲೂ ಬರೆದಿಲ್ಲ. 'ಅದೆಲ್ಲ ಪ್ರಾಕ್ಟೀಸಲ್ಲಿ ಬರುತ್ತೆ ಸಾರ್' ಅಂತ ಒಬ್ಬರು ಹೇಳಿದರು. ಬರುತ್ತದೆ. ಒಂದು ದಿನ ಬರುತ್ತದೆ, ಮಾರನೇ ದಿನ ಬರುವುದಿಲ್ಲ. ಬಂದ ದಿನ ಏನು ಮಾಡಿದೆವು ಅಂತ ಬರೆದಿಟ್ಟುಕೊಂಡಿಲ್ಲ, ಹಾಗಾಗಿ ಅದನ್ನು ಮತ್ತೆ ಹಿಡಿಯಲು ಆಗುವುದಿಲ್ಲ.

ಇವತ್ತು ಒಂದೇ ಸ್ಕಿಟ್ ತೆಗೆದುಕೊಂಡು ಮಾತಾಡುತ್ತೇನೆ. ಅದರಲ್ಲೂ ಜಾಸ್ತಿ ಹೊತ್ತು ನಾಲ್ಕು ಪ್ರಶ್ನೆ, ನಾಲ್ಕು ಉತ್ತರದ ಮೇಲೆ ನಿಲ್ಲುತ್ತೇನೆ. ಕೆಲವು ವರ್ಷಗಳ ಹಿಂದೆ ಮಂಡ್ಯದ ಒಂದು ಕಾಲೇಜಿನ ತಂಡದ ಜೊತೆ ಕೂತು ಬರೆದದ್ದು.

ಕತೆ ಸಣ್ಣದು. ಶಿವು ಅಂತ ಒಬ್ಬ ಹುಡುಗ, ಬಿ.ಕಾಂ ಎರಡನೇ ವರ್ಷ. ಹಾಜರಿ ಶೇ 75 ಇರಬೇಕು, ಇವನದು ಅರ್ಧವೂ ಇಲ್ಲ. ಎಚ್‌ಒಡಿ 'ನಿಮ್ಮಪ್ಪನ್ನ ಕರ್ಕೊಂಡು ಬಾ' ಅಂದಿದ್ದಾರೆ. ಅಪ್ಪನಿಗೆ ಹೇಳುವ ಧೈರ್ಯ ಇವನಿಗಿಲ್ಲ. ಕಾಲೇಜು ಗೇಟಿನ ಎದುರು ಕಬ್ಬಿನ ಹಾಲು ಮಾರುವ ಲೋಕಣ್ಣನನ್ನು ಒಪ್ಪಿಸಿ, ಇವರೇ ನಮ್ಮಪ್ಪ ಅಂತ ಕರೆದುಕೊಂಡು ಹೋಗುತ್ತಾನೆ. ಬಾಡಿಗೆ ಅಪ್ಪನ ಕತೆ ಹೊಸದೇನಲ್ಲ, ಎಲ್ಲಾ ಕಾಲೇಜಿನಲ್ಲೂ ಒಂದೊಂದು ಇರುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ. ಕತೆ ಎಲ್ಲರಿಗೂ ಗೊತ್ತಿರುವಾಗ ನಗು ಕತೆಯಿಂದ ಬರುವುದಿಲ್ಲ. ಬೇರೆ ಎಲ್ಲಿಂದ ಬರುತ್ತದೆ ಅಂತ ಆಗ ಚೆನ್ನಾಗಿ ಕಾಣುತ್ತದೆ.

ಪಾತ್ರ ಐದು. ಶಿವು, ಲೋಕಣ್ಣ, ಎಚ್‌ಒಡಿ, ಪ್ಯೂನು, ಕೊನೆಯಲ್ಲಿ ಬರುವ ನಿಜವಾದ ಅಪ್ಪ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ನಿಯಮದಲ್ಲಿ ಸ್ಕಿಟ್‌ಗೆ ಹೆಚ್ಚೆಂದರೆ ಆರು ಜನ, ಹತ್ತು ನಿಮಿಷ. ಐದೇ ಜನ ಸಾಕು ಅಂತ ನಾವು ಬೇಕೆಂದೇ ಬಿಟ್ಟೆವು.

ಎಚ್‌ಒಡಿ ರೂಮಿನ ದೃಶ್ಯಕ್ಕೆ ಬರೋಣ. ಮೊದಲ ಪ್ರದರ್ಶನದ ಸ್ಕ್ರಿಪ್ಟಿನಲ್ಲಿ ಹೀಗಿತ್ತು:

ಎಚ್‌ಒಡಿ: ಜಮೀನು ಎಷ್ಟಿದೆ?
ಲೋಕಣ್ಣ: ಎರಡೆಕ್ರೆ ಸಾ.
ಎಚ್‌ಒಡಿ: ನೀರು?
ಲೋಕಣ್ಣ: ನಾಲೆ ನೀರು ಸಾ.
ಎಚ್‌ಒಡಿ: ಬೆಳೆ?
ಲೋಕಣ್ಣ: ಕಬ್ಬು ಸಾ.
ಎಚ್‌ಒಡಿ: ಇಳುವರಿ ಹೇಗೆ ಬರುತ್ತೆ?
ಲೋಕಣ್ಣ: ಐಸ್ ಹಾಕುದ್ರೆ ಜಾಸ್ತಿ ಬತ್ತದೆ ಸಾ.

ಓದಿದಾಗ ನಾವೆಲ್ಲ ಚೆನ್ನಾಗಿ ನಕ್ಕಿದ್ದೆವು. ಮೊದಲ ಪ್ರದರ್ಶನದಲ್ಲಿ ನಗು ಬಂತು, ಆದರೆ ತುಂಡು ನಗು. 'ಹ' ಅಂತ ಶುರುವಾಗಿ ಅಲ್ಲೇ ನಿಂತಿತು. ಲೋಕಣ್ಣನ ಪಾತ್ರದ ಹುಡುಗ ಬೇಜಾರು ಮಾಡಿಕೊಂಡ, ತಾನು ಸರಿಯಾಗಿ ಹೇಳಲಿಲ್ಲ ಅಂದುಕೊಂಡ. ಅವನದೇನೂ ತಪ್ಪಿರಲಿಲ್ಲ.

ಯಾರೋ ಮೊಬೈಲಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿದ್ದರು. ರಾತ್ರಿ ಅದನ್ನು ಹತ್ತು ಸಲ ಕೇಳಿದೆವು. ಜನ 'ಐಸ್' ಅನ್ನುವ ಪದಕ್ಕೇ ನಗಲು ಶುರುಮಾಡಿದ್ದರು. ಆದರೆ ಲೋಕಣ್ಣ ಇನ್ನೂ ಮಾತಾಡುತ್ತಿದ್ದ. 'ಹಾಕುದ್ರೆ ಜಾಸ್ತಿ ಬತ್ತದೆ ಸಾ' ಬಾಕಿ ಇತ್ತು. ಮಾತು ಮುಗಿದಿಲ್ಲ ಅಂತ ಗೊತ್ತಾದ ಕೂಡಲೇ ಜನ ತಾವೇ ನಗು ತಡೆದುಕೊಂಡರು, ಮುಂದೆ ಏನು ಹೇಳುತ್ತಾನೋ ಕೇಳೋಣ ಅಂತ. ಅವನು ಮಾತು ಮುಗಿಸುವ ಹೊತ್ತಿಗೆ ನಗು ಆರಿಹೋಗಿತ್ತು. ನೋಡುವವರು ಒಳ್ಳೆಯವರಾಗಿದ್ದಷ್ಟೂ ಈ ನಷ್ಟ ಜಾಸ್ತಿ. ಗಮನ ಇಟ್ಟು ಕೇಳುವವರೇ ನಗು ತಡೆದುಕೊಳ್ಳುವುದು.

ನಗು ಹುಟ್ಟಿಸುವ ಪದ ಮಾತಿನ ಕೊನೆಗೆ ಬರಬೇಕು ಅಂತ ನೀವೆಲ್ಲ ಕೇಳಿರುತ್ತೀರಿ. ಆದರೆ ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತೊಡಕಿದೆ. ನಮ್ಮ ವಾಕ್ಯದ ಕೊನೆಯಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಕೂತಿರುತ್ತದೆ. 'ಐಸ್' ಥರದ ಪದ ಮಧ್ಯದಲ್ಲೇ ಬಂದುಬಿಡುತ್ತದೆ. ಅದರ ಹಿಂದೆ 'ಹಾಕುದ್ರೆ', 'ಬತ್ತದೆ' ಎಲ್ಲಾ ಸಾಲಾಗಿ ಬರುತ್ತವೆ. ಸಾಲದ್ದಕ್ಕೆ ಒಂದು 'ಸಾ'.

ಆದರೆ ನಾವು ಮಾತಾಡುವಾಗ ಹಾಗೇ ಮಾತಾಡುತ್ತೇವಾ? ಇಲ್ಲ ಅಲ್ವಾ. 'ಬಂದ್ನಾ ನಿಮ್ಮಣ್ಣ?' ಅಂತೀವಿ. 'ಕೊಡ್ತೀನಿ ಕಣೋ, ಸಂಬಳ ಬಂದ್ರೆ' ಅಂತೀವಿ. ಕ್ರಿಯಾಪದ ಮುಗಿದ ಮೇಲೂ ಒಂದು ತುಂಡನ್ನು ಹಿಂದೆ ಅಂಟಿಸುವುದು ಮನೆ ಮಾತಿನಲ್ಲಿ ದಿನಾ ನಡೆಯುತ್ತದೆ. ಬರೆಯಲು ಕೂತಾಗ ಮಾತ್ರ ಶಾಲೆಯ ವ್ಯಾಕರಣ ಕೈ ಹಿಡಿದುಕೊಳ್ಳುತ್ತದೆ. ಟಿ.ಪಿ. ಕೈಲಾಸಂ ನೂರು ವರ್ಷದ ಹಿಂದೆಯೇ ಆಡುಮಾತನ್ನು ರಂಗದ ಮೇಲೆ ತಂದರು. ಸ್ಕಿಟ್ ಬರೆಯುವ ನಾವು ಆ ದಾರಿ ಬಿಟ್ಟು ಪುಸ್ತಕದ ವಾಕ್ಯಕ್ಕೆ ವಾಪಸ್ ಹೋಗಬೇಕಾಗಿಲ್ಲ.

ಹಾಗಾಗಿ ಲೋಕಣ್ಣನ ಮಾತನ್ನು ತಿರುಗಿಸಿದೆವು:

ಲೋಕಣ್ಣ: ಜಾಸ್ತಿ ಬತ್ತದೆ ಸಾ. (ಗ್ಯಾಪ್) ಐಸ್ ಹಾಕುದ್ರೆ.

ಪದಗಳು ಅವೇ. ಒಂದೂ ಸೇರಿಸಿಲ್ಲ, ಒಂದೂ ತೆಗೆದಿಲ್ಲ. 'ಸಾ' ಈಗ ಮಧ್ಯಕ್ಕೆ ಹೋಗಿದೆ, ಕೊನೆಯಲ್ಲಿ ಬಾಲ ಇಲ್ಲ. 'ಜಾಸ್ತಿ ಬತ್ತದೆ ಸಾ' ಅಂದಾಗ ಅದು ಪೂರ್ತಿ ಉತ್ತರದ ಹಾಗೆ ಕೇಳಿಸುತ್ತದೆ. ಶಿವು ಬಚಾವಾದ ಅಂತ ಜನಕ್ಕೆ ಅನ್ನಿಸಬೇಕು. ಆಮೇಲೆ ಐಸ್. 'ಐಸ್' ಆದ ಮೇಲೆ 'ಹಾಕುದ್ರೆ' ಅನ್ನುವ ಒಂದೇ ಪದ ಉಳಿದಿದೆ, ಅಷ್ಟನ್ನು ನಗು ಕಾಯುತ್ತದೆ. 'ಅಂದ್ರೆ ಏನಾಯ್ತು ಅಂದ್ರೆ ಸಾ' ಅಂತ ಇನ್ನೊಂದು ತುಂಡನ್ನು ಯಾರಾದರೂ ಸೇರಿಸಿದರೆ ಮತ್ತೆ ಹಳೇ ಕತೆ.

ಕ್ರಿಯಾಪದ ಕೊನೆಗೆ ಬರುವುದು ಯಾವಾಗಲೂ ತೊಂದರೆ ಅಂದುಕೊಳ್ಳಬೇಡಿ. ಅದೇ ನಿಮ್ಮ ಅನುಕೂಲಕ್ಕೂ ಬರುತ್ತದೆ. ವಾಕ್ಯ ಮುಗಿಯುವವರೆಗೂ ಅದು ಹೌದೋ ಅಲ್ಲವೋ ಅಂತ ಕನ್ನಡದಲ್ಲಿ ಗೊತ್ತಾಗುವುದಿಲ್ಲ. ಇದೇ ಸ್ಕಿಟ್‌ನಲ್ಲಿ ಎಚ್‌ಒಡಿ 'ನಿಜ ಹೇಳು' ಅಂತ ಗದರಿದಾಗ ಶಿವು ಹೇಳುತ್ತಾನೆ: 'ಸಾರ್, ನಿಮ್ಮ ಕ್ಲಾಸ್‌ನ ಒಂದು ದಿನಾನೂ ತಪ್ಪದೆ (ಗ್ಯಾಪ್) ತಪ್ಪಿಸಿದೀನಿ.' ಇಲ್ಲಿ ತಿರುವು ಕ್ರಿಯಾಪದದಲ್ಲೇ ಇದೆ. ಹಾಗಾಗಿ ಅದು ಇದ್ದ ಜಾಗದಲ್ಲೇ ಇರಲಿ. ನಿಮ್ಮ ಸ್ಕ್ರಿಪ್ಟಿನ ಪ್ರತಿ ಪಂಚ್‌ಗೂ ಇದೊಂದು ಪ್ರಶ್ನೆ ಕೇಳಿಕೊಳ್ಳಿ: ಜನಕ್ಕೆ ವಿಷಯ ತಿಳಿಯುವುದು ಯಾವ ಪದದಲ್ಲಿ? ಆ ಪದದ ಕೆಳಗೆ ಗೆರೆ ಎಳೆಯಿರಿ. ಗೆರೆ ಆದ ಮೇಲೆ ಎಷ್ಟು ಪದ ಉಳಿದಿವೆ ನೋಡಿ. ಒಂದಕ್ಕಿಂತ ಜಾಸ್ತಿ ಇದ್ದರೆ ವಾಕ್ಯವನ್ನು ತಿರುಗಿಸಿ.

ಈಗ ಪ್ರಶ್ನೆಗಳ ಕಡೆ ಬರೋಣ. ನಗುವ ಮಾತು ಬರೆದಷ್ಟೇ ಶ್ರಮ ಅದರ ಹಿಂದಿನ ಮಾತುಗಳಿಗೂ ಬೇಕು. ನಮ್ಮ ಹುಡುಗರು ಬಿಲ್ಡಪ್ ಅಂತಾರೆ, ಅದೇ ಪದ ಇರಲಿ. ಬಿಲ್ಡಪ್ಪಿನ ಕೆಲಸ ಒಂದೇ. ಜನರ ಮನಸ್ಸಿನಲ್ಲಿ ಒಂದು ಉತ್ತರ ಮೊದಲೇ ತಯಾರಾಗಿರಬೇಕು. ಮಂಡ್ಯ ಸೀಮೆಯಲ್ಲಿ ಕಬ್ಬಿನ ಇಳುವರಿ ಕೇಳಿದರೆ ಎಲ್ಲರ ತಲೆಯಲ್ಲೂ ಟನ್ ಲೆಕ್ಕ ಬರುತ್ತದೆ. ಎಕರೆಗೆ ಇಷ್ಟು ಟನ್ ಅಂತ ಮಕ್ಕಳೂ ಹೇಳುತ್ತಾರೆ. ಮೊದಲು ಈ ಪ್ರಶ್ನೆ 'ಕಬ್ಬು ಹೇಗಿದೆ?' ಅಂತಿತ್ತು. ಅದಕ್ಕೆ ಚೆನ್ನಾಗಿದೆ ಅನ್ನಬಹುದು, ರೋಗ ಬಿದ್ದಿದೆ ಅನ್ನಬಹುದು, ಸಿಹಿ ಇದೆ ಅಂತಲೂ ಅನ್ನಬಹುದು. ಜನ ಯಾವುದಕ್ಕೂ ಕಾಯುತ್ತಿರುವುದಿಲ್ಲ. ಕಾಯದೇ ಇರುವವರನ್ನು ಬೇರೆ ಕಡೆ ತಿರುಗಿಸಲು ಆಗುವುದಿಲ್ಲ. 'ಇಳುವರಿ' ಅಂದಾಗ ಮಾತ್ರ ಲೆಕ್ಕ ಶುರುವಾಗುತ್ತದೆ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಮೊದಲ ದೃಶ್ಯದಲ್ಲಿ, ಅಂಗಡಿ ಮುಂದೆ, ಶಿವು ಲೋಕಣ್ಣನಿಗೆ ಪಾಠ ಹೇಳಿಕೊಡುವ ಮಾತು ಸೇರಿಸಿದೆವು. 'ಲೋಕಣ್ಣ, ಮೂರೇ ಮೂರು ಪ್ರಶ್ನೆ ಕೇಳ್ತಾರೆ. ಜಮೀನು ಅಂದ್ರೆ ಎರಡೆಕ್ರೆ. ನೀರು ಅಂದ್ರೆ ನಾಲೆ. ಬೆಳೆ ಅಂದ್ರೆ ಕಬ್ಬು. ಮುಗೀತು.' ಲೋಕಣ್ಣ ಇದನ್ನು ಬಾಯಿಪಾಠ ಮಾಡುತ್ತಾನೆ. ಈಗ ಎಚ್‌ಒಡಿ ರೂಮಿನಲ್ಲಿ ಮೊದಲ ಮೂರು ಉತ್ತರ ಜನಕ್ಕೆ ಗೊತ್ತು. ಅವು ಬೇಗ ಬೇಗ ಹೋಗಬಹುದು. ಮೂರು ಮುಗಿದವು ಅಂತಲೂ ಗೊತ್ತು. ನಾಲ್ಕನೇ ಪ್ರಶ್ನೆ ಬಂದ ಕೂಡಲೇ ಇದಕ್ಕೆ ಪಾಠ ಆಗಿಲ್ಲ ಅಂತ ಇಡೀ ಹಾಲ್‌ಗೆ ಹೊಳೆಯುತ್ತದೆ. ಅಲ್ಲಿ ಶಿವು ಏನೂ ಹೇಳಬೇಕಾಗಿಲ್ಲ.

ಈ ತುಣುಕು ಕೊನೆಗೆ ಸ್ಕ್ರಿಪ್ಟಿನಲ್ಲಿ ಹೀಗೆ ನಿಂತಿತು:

ಎಚ್‌ಒಡಿ: (ಪೆನ್ನು ಕೈಯಲ್ಲಿ, ಕಣ್ಣು ಫಾರಂ ಮೇಲೆ) ಜಮೀನು ಎಷ್ಟಿದೆ?
ಲೋಕಣ್ಣ: ಎರಡೆಕ್ರೆ ಸಾ.
ಎಚ್‌ಒಡಿ: ನೀರು?
ಲೋಕಣ್ಣ: ನಾಲೆ ನೀರು ಸಾ.
ಎಚ್‌ಒಡಿ: ಬೆಳೆ?
ಲೋಕಣ್ಣ: ಕಬ್ಬು ಸಾ.
(ಮೂರೂ ಉತ್ತರ ಗ್ಯಾಪ್ ಇಲ್ಲದೆ. ಶಿವು ಜನರ ಕಡೆ ಬೆನ್ನು ಮಾಡಿ ನಿಂತಿದ್ದಾನೆ. ಪ್ರತಿ ಉತ್ತರಕ್ಕೂ ಬೆನ್ನ ಹಿಂದಿನ ಕೈಯಲ್ಲಿ ಒಂದೊಂದು ಬೆರಳು ಮಡಚುತ್ತಾನೆ. ಮೂರನೆಯದಾದ ಮೇಲೆ ಲೋಕಣ್ಣನ ತೋಳು ಹಿಡಿದು ಏಳಿಸಲು ಹೋಗುತ್ತಾನೆ.)
ಎಚ್‌ಒಡಿ: (ತಲೆ ಎತ್ತಿ) ಇಳುವರಿ ಹೇಗೆ ಬರುತ್ತೆ?
(ಗ್ಯಾಪ್ 2, ಶಿವುದು. ತೋಳು ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ತಲೆ ಮಾತ್ರ ನಿಧಾನಕ್ಕೆ ಜನರ ಕಡೆ ತಿರುಗುತ್ತದೆ.)
ಲೋಕಣ್ಣ: (ಹೆಮ್ಮೆಯಿಂದ) ಜಾಸ್ತಿ ಬತ್ತದೆ ಸಾ.
(ಗ್ಯಾಪ್ 1, ಎಚ್‌ಒಡಿದು. ತಲೆಯಾಡಿಸಿ, ಬರೆಯಲು ಪೆನ್ನನ್ನು ಕಾಗದಕ್ಕೆ ಇಳಿಸುತ್ತಾರೆ.)
ಲೋಕಣ್ಣ: ಐಸ್ ಹಾಕುದ್ರೆ.
(ಪೆನ್ನು ನಿಲ್ಲುತ್ತದೆ. ಯಾರೂ ಅಲ್ಲಾಡುವುದಿಲ್ಲ. ನಗು.)

ಗ್ಯಾಪ್ ಪಕ್ಕ ಅಂಕಿ ಬರೆದಿದ್ದೇನೆ ನೋಡಿ. ಮನಸ್ಸಿನಲ್ಲಿ ನಿಧಾನಕ್ಕೆ 'ಒಂದು' ಅಂದುಕೊಂಡರೆ ಗ್ಯಾಪ್ 1. ಸೆಕೆಂಡಿಗೆ ಸ್ವಲ್ಪ ಕಡಿಮೆ ಆಗುತ್ತದೆ. 'ಒಂದು, ಎರಡು' ಅಂದರೆ ಗ್ಯಾಪ್ 2. ಅಷ್ಟೇ ಲೆಕ್ಕ. ಮೂರಕ್ಕಿಂತ ದೊಡ್ಡದು ಬರೆಯಲು ಹೋಗಬೇಡಿ, ಮಾತು ಮರೆತುಹೋಯಿತೇನೋ ಅಂತ ಜನ ಅಂದುಕೊಳ್ಳುತ್ತಾರೆ.

ಅಂಕಿಗಿಂತ ಮುಖ್ಯವಾದದ್ದು ಅದರ ಪಕ್ಕದ ಹೆಸರು. ಗ್ಯಾಪ್ ಯಾರದು? ಈ ಪ್ರಶ್ನೆಗೆ ಸ್ಕ್ರಿಪ್ಟ್ ಉತ್ತರ ಕೊಡಬೇಕು. ಸುಮ್ನೆ 'ಗ್ಯಾಪ್' ಅಂತ ಬರೆದರೆ ಐದೂ ಜನ ಒಟ್ಟಿಗೆ ಏನೂ ಮಾಡದೆ ನಿಲ್ಲುತ್ತಾರೆ. ಇಲ್ಲವೇ ಐದೂ ಜನ ಒಟ್ಟಿಗೆ ಏನಾದರೂ ಮಾಡುತ್ತಾರೆ. ಎರಡರಲ್ಲೂ ಜನಕ್ಕೆ ಎಲ್ಲಿ ನೋಡಬೇಕು ಅಂತ ತಿಳಿಯುವುದಿಲ್ಲ. ಮೇಲಿನ ಮೊದಲ ಗ್ಯಾಪ್ ಶಿವುದು. ಜನ ಅವನ ಭಯ ನೋಡುತ್ತಾರೆ. ಎರಡನೆಯದು ಎಚ್‌ಒಡಿದು. ಅವರು ಒಪ್ಪಿಕೊಂಡರು ಅಂತ ಜನ ನೋಡುತ್ತಾರೆ. ಪೆನ್ನು ಕಾಗದಕ್ಕೆ ತಾಗುವುದನ್ನು ಕಂಡ ಮೇಲೆಯೇ 'ಐಸ್' ಬರಬೇಕು. ಲೋಕಣ್ಣ ಮನಸ್ಸಿನಲ್ಲಿ ಎಣಿಸುತ್ತಾ ನಿಲ್ಲುವುದು ಬೇಡ. ಪೆನ್ನು ತಾಗುವುದನ್ನು ಓರೆಗಣ್ಣಲ್ಲಿ ನೋಡಿದರೆ ಸಾಕು. ಎಣಿಕೆ ನೀವು ಬರೆದುಕೊಳ್ಳುವುದಕ್ಕೆ. ನಟನಿಗೆ ಹಿಡಿದುಕೊಳ್ಳಲು ಕಣ್ಣಿಗೆ ಕಾಣುವ ಒಂದು ಗುರುತು ಬೇಕು.

ದೊಡ್ಡ ನಗು ಬಂದದ್ದು 'ಐಸ್ ಹಾಕುದ್ರೆ'ಗೆ ಅಲ್ಲ, ಅದಾದ ಮೇಲೆ ಪೆನ್ನು ನಿಂತದ್ದಕ್ಕೆ. ಇದನ್ನು ಎರಡನೇ ಪ್ರದರ್ಶನದ ರೆಕಾರ್ಡಿಂಗ್‌ನಲ್ಲಿ ಕೇಳಿಸಿಕೊಂಡೆವು. ಮಾತಿಗೆ ಒಂದು ಅಲೆ, ಪೆನ್ನಿಗೆ ಇನ್ನೊಂದು ಅಲೆ. ಹಾಗಾಗಿ ಪ್ರತಿ ಪಂಚ್ ಆದ ಮೇಲೂ ಅದನ್ನು ಕೇಳಿಸಿಕೊಂಡವರು ಏನು ಮಾಡುತ್ತಾರೆ ಅಂತ ಬರೆಯಿರಿ. ಮುಖ ಊದಿಸಿಕೊಳ್ಳುವುದು, ಹಣೆ ಚಚ್ಚಿಕೊಳ್ಳುವುದು ಬೇಡ. ಮಾಡುತ್ತಿದ್ದ ಕೆಲಸ ನಿಂತರೆ ಸಾಕು.

'ಯಾರೂ ಅಲ್ಲಾಡುವುದಿಲ್ಲ' ಅಂತ ಬರೆದಿರುವುದಕ್ಕೂ ಕಾರಣವಿದೆ. ಒಂದು ಪ್ರದರ್ಶನದಲ್ಲಿ ಇದೇ ಜಾಗದಲ್ಲಿ ನಗು ಪೂರ್ತಿ ಹೋಯಿತು. ಏನಾಯಿತು ಅಂತ ಆಮೇಲೆ ವಿಡಿಯೊ ನೋಡಿದೆವು. 'ಐಸ್' ಅನ್ನುವ ಕ್ಷಣಕ್ಕೆ ಸರಿಯಾಗಿ ಹಿಂದೆ ನಿಂತಿದ್ದ ಪ್ಯೂನಿನ ಪಾತ್ರದವನು ಓರೆಯಾಗಿದ್ದ ಕುರ್ಚಿಯನ್ನು ಸರಿ ಮಾಡಿದ್ದ. ಅವನು ಒಳ್ಳೆಯ ಉದ್ದೇಶದಿಂದಲೇ ಮಾಡಿದ. ಆದರೆ ಕಣ್ಣು ಅಲ್ಲಾಡುವ ಕಡೆಗೇ ಹೋಗುತ್ತದೆ. ಮುನ್ನೂರು ಜನ ಒಂದು ಕ್ಷಣ ಕುರ್ಚಿ ನೋಡಿದರು, ಅಷ್ಟರಲ್ಲಿ ಐಸ್ ಹೋಗಿತ್ತು. ಸ್ಕ್ರಿಪ್ಟಿನಲ್ಲಿ ಆ ಸಾಲು ಇರಲಿಲ್ಲ. ಆಮೇಲೆ ಸೇರಿಸಿದೆವು.

ಇನ್ನು ಮೈ ಕೈ ಆಟದ ವಿಷಯ. ಇಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವ ಸಾಲು ಒಂದಿದೆ. ಇವತ್ತಿನ ಸ್ಕ್ರಿಪ್ಟುಗಳಲ್ಲೂ ಅದು ಬಂದಿದೆ. 'ತಮಾಷೆಯಾಗಿ ನಡೆಯುತ್ತಾನೆ.' ಇದನ್ನು ಓದಿದ ನಟ ಏನು ಮಾಡಬೇಕು? ತಮಾಷೆ ಅನ್ನುವುದು ನೋಡುವವರಿಗೆ ಅನ್ನಿಸಬೇಕಾದದ್ದು, ನಟ ಮಾಡಬೇಕಾದದ್ದಲ್ಲ. ನೀವು ಬರೆಯಬೇಕಾದದ್ದು ಯಾವ ಕೈ, ಯಾವ ಪದದ ಮೇಲೆ, ಎಲ್ಲಿ ಶುರು, ಎಲ್ಲಿ ನಿಲ್ಲಬೇಕು, ಇಷ್ಟೇ.

ಲೋಕಣ್ಣನ ಪಾತ್ರದ ಹುಡುಗನಿಗೆ ಕಬ್ಬಿನ ಗಾಣ ತಿರುಗಿಸಿ ಗೊತ್ತಿರಲಿಲ್ಲ. ಈಗ ಹೆಚ್ಚಿನ ಕಡೆ ಮೋಟಾರ್ ಬಂದಿದೆ. ಅವನು ರಿಹರ್ಸಲ್‌ನಲ್ಲಿ ಗಾಳಿಯಲ್ಲಿ ಕೈಯನ್ನು ಸುಮ್ನೆ ಗಿರಗಿರ ತಿರುಗಿಸುತ್ತಿದ್ದ. ಐಸ್ ಕ್ಯಾಂಡಿ ಗಾಡಿಯೋ, ಬಾವಿ ರಾಟೆಯೋ, ಏನೂ ಗೊತ್ತಾಗುತ್ತಿರಲಿಲ್ಲ. ಕೈಯಲ್ಲಿ ತಿರುಗಿಸುವ ಗಾಣ ಇನ್ನೂ ಇದ್ದ ಒಂದು ಅಂಗಡಿಗೆ ಎಲ್ಲರೂ ಹೋದೆವು. ಒಬ್ಬೊಬ್ಬರೂ ಒಂದೊಂದು ಗ್ಲಾಸ್ ಕುಡಿದು ನಿಂತು ನೋಡಿದೆವು.

ಅಂಗಡಿಯವರು ಬಲಗೈಯಲ್ಲಿ ಚಕ್ರ ತಿರುಗಿಸುತ್ತಾರೆ, ಎಡಗೈಯಲ್ಲಿ ಕಬ್ಬು ಕೊಡುತ್ತಾರೆ. ಚಕ್ರ ಒಂದೇ ಸಮ ತಿರುಗುವುದಿಲ್ಲ. ಕಬ್ಬು ರೋಲರ್ ಮಧ್ಯೆ ಸಿಕ್ಕಿದ ಕೂಡಲೇ ಬಿಗಿಯಾಗುತ್ತದೆ. ಆಗ ಅವರ ಬಲ ಭುಜ ಮುಂದೆ ಬರುತ್ತದೆ, ಇಡೀ ಮೈ ಭಾರ ಚಕ್ರದ ಮೇಲೆ ಬೀಳುತ್ತದೆ. ಕಬ್ಬು ದಾಟಿದ ಮೇಲೆ ಚಕ್ರ ಹಗುರಾಗಿ ತಾನೇ ಅರ್ಧ ಸುತ್ತು ಹೋಗುತ್ತದೆ. ಆಮೇಲೆ ಆ ಕಡೆ ಬಂದ ಜಲ್ಲೆಯನ್ನು ಎರಡಾಗಿ ಮಡಚಿ, ಮಧ್ಯೆ ನಿಂಬೆಹೋಳು, ಶುಂಠಿ ಇಟ್ಟು ಮತ್ತೆ ಕೊಡುತ್ತಾರೆ. ಚಕ್ರಕ್ಕೆ ಗೆಜ್ಜೆ ಕಟ್ಟಿದ್ದರು. ಬಿಗಿಯಾದಾಗ ಗೆಜ್ಜೆ ನಿಧಾನ, ಹಗುರಾದಾಗ ಜೋರು.

ಆ ಹುಡುಗ ವಾಪಸ್ ಬಂದು ಖಾಲಿ ಕೈಯಲ್ಲಿ ಮಾಡಿ ತೋರಿಸಿದ. ಬಿಗಿ, ಹಗುರ, ಮಡಚು, ಬಿಗಿ, ಹಗುರ. ಗಾಣ ಇಲ್ಲದೆಯೂ ಗಾಣ ಕಂಡಿತು. ನಮಗೆ ಇನ್ನೆರಡು ವಸ್ತು ಅಲ್ಲಿಂದಲೇ ಸಿಕ್ಕವು, ಗೆಜ್ಜೆ ಮತ್ತು ಮಡಚುವುದು. ಊರಲ್ಲಿ ಕೂತು ಯೋಚಿಸಿದ್ದರೆ ಅವು ಹೊಳೆಯುತ್ತಿರಲಿಲ್ಲ.

ಎಚ್‌ಒಡಿ ಟೇಬಲ್ ಮೇಲೆ ಪ್ಯೂನನ್ನು ಕರೆಯುವ ಗಂಟೆ ಇಟ್ಟೆವು. ಗಂಟೆ ಸದ್ದಾದಾಗೆಲ್ಲ ಲೋಕಣ್ಣನ ಬಲಗೈ ತಾನಾಗಿ ಎದ್ದು ತಿರುಗುತ್ತದೆ. ಇದಕ್ಕೆ ಮೊದಲ ದೃಶ್ಯದಲ್ಲಿ, ಅಂಗಡಿಯಲ್ಲಿ, ಗೆಜ್ಜೆ ಸದ್ದಿನ ಜೊತೆ ಆ ಕೈ ತಿರುಗುವುದನ್ನು ಜನ ಒಮ್ಮೆ ಪೂರ್ತಿ ನೋಡಿರಬೇಕು. ಅಲ್ಲಿ ನಗು ಬೇಡ. ಅಲ್ಲಿ ಅದು ಬರೀ ಅವನ ಕೆಲಸ. ಎರಡನೇ ಸಲ, ಎಚ್‌ಒಡಿ ರೂಮಿನಲ್ಲಿ ಮೊದಲ ಗಂಟೆಗೆ, ಕೈ ಒಂದೇ ಸುತ್ತು ಹೋಗುತ್ತದೆ. ಶಿವು ಅದನ್ನು ಹಿಡಿದು ತೊಡೆಯ ಮೇಲೆ ಇಡುತ್ತಾನೆ. ಸಣ್ಣ ನಗು. ಮೂರನೇ ಸಲಕ್ಕೆ ಅದನ್ನೇ ಮಾಡಿದರೆ ನಗು ಇನ್ನೂ ಸಣ್ಣದಾಗುತ್ತದೆ, ಯಾಕೆಂದರೆ ಜನ ಕಾಯುತ್ತಿರುತ್ತಾರೆ. ಅವರು ಕಾಯುತ್ತಿರುವುದನ್ನು ಕೊಡಿ, ಜೊತೆಗೆ ಕಾಯದೇ ಇರುವುದನ್ನೂ ಕೊಡಿ. ಸ್ಕ್ರಿಪ್ಟಿನಲ್ಲಿ ಹೀಗಿದೆ:

(ಎಚ್‌ಒಡಿ ಗಂಟೆ ಒತ್ತುತ್ತಾರೆ. ಲೋಕಣ್ಣನ ಬಲಗೈ ಏಳುತ್ತದೆ. ಶಿವು ಹಿಡಿಯಲು ಬರುವಷ್ಟರಲ್ಲಿ ಎಡಗೈ ಟೇಬಲ್ ಮೇಲೆ ಸುರುಳಿ ಸುತ್ತಿಟ್ಟಿದ್ದ ಹಾಜರಿ ಪಟ್ಟಿ ತೆಗೆದುಕೊಳ್ಳುತ್ತದೆ. ಸುರುಳಿಯನ್ನು ಗಾಣಕ್ಕೆ ಕೊಡುವ ಹಾಗೆ ಮುಂದೆ ತಳ್ಳುತ್ತಾನೆ. ಬಿಗಿ. ಭುಜ ಮುಂದೆ. ಹಗುರ. ಗ್ಯಾಪ್ 1, ಎಚ್‌ಒಡಿದು, ಕಣ್ಣು ಪಟ್ಟಿಯ ಮೇಲೆ. ಲೋಕಣ್ಣ ಪಟ್ಟಿಯನ್ನು ಎರಡಾಗಿ ಮಡಚುತ್ತಾನೆ.)

ಮಡಚಿದಾಗ ಬಂದ ನಗು ಇಡೀ ಸ್ಕಿಟ್‌ನಲ್ಲೇ ದೊಡ್ಡದು. ಅಲ್ಲಿ ಒಂದು ಮಾತೂ ಇಲ್ಲ. ಇರಲೂ ಬಾರದು. ಮೊದಲು ಆ ಜಾಗದಲ್ಲಿ ಶಿವು 'ಅಯ್ಯೋ ನನ್ನ ಅಟೆಂಡೆನ್ಸ್!' ಅಂತ ಕೂಗುತ್ತಿದ್ದ. ಜನ ಕಂಡುಕೊಂಡದ್ದನ್ನು ಮತ್ತೆ ಬಾಯಲ್ಲಿ ಹೇಳಿದ ಹಾಗಾಗುತ್ತಿತ್ತು. ತೆಗೆದೆವು. ಕೈ ಆಡುವಾಗ ಬಾಯಿ ಸುಮ್ಮನಿರಲಿ, ಬಾಯಿ ಆಡುವಾಗ ಕೈ ಸುಮ್ಮನಿರಲಿ. ಎರಡೂ ಬೇಕಾದರೆ, ಸ್ಕಿಟ್ಟಿನ ಕೊನೆಯ ಮಾತೊಂದನ್ನು ಬಿಟ್ಟು, ಮೊದಲು ಕೈ, ಅದು ನಿಂತ ಮೇಲೆ ಮಾತು. ಮೈಕಿನ ವಿಷಯಕ್ಕೂ ಇದು ಒಳ್ಳೆಯದು. ಕಾಲೇಜು ವೇದಿಕೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಸ್ಟ್ಯಾಂಡ್ ಮೈಕ್ ಮಾತ್ರ ಇರುತ್ತವೆ. ಆಟ ಆಡುತ್ತಾ ಮೈಕಿನಿಂದ ದೂರ ಹೋದಾಗ ಹೇಳಿದ ಮಾತು ಹಿಂದಿನ ಸಾಲಿಗೆ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಲೋಕಣ್ಣನನ್ನು ನೋಡಿ ಜನ ನಗುತ್ತಾರೆ, ಆದರೆ ಅವನು ದಡ್ಡ ಅಂತ ನಗಬಾರದು. ಅವನ ಮಂಡ್ಯ ಮಾತಿಗೂ ನಗಬಾರದು. ಕೆಲವು ತಂಡಗಳು ಹಳ್ಳಿ ಮಾತನ್ನೇ ಜೋಕು ಮಾಡುತ್ತವೆ, ತೊದಲುವವರನ್ನು ಜೋಕು ಮಾಡುತ್ತವೆ. ನನಗೆ ಅದು ಹಿಡಿಸುವುದಿಲ್ಲ, ಬರವಣಿಗೆಯ ಲೆಕ್ಕದಲ್ಲೂ ಅದು ಸೋಮಾರಿತನ. ನಮ್ಮ ಲೋಕಣ್ಣ ತನ್ನ ಕೆಲಸದಲ್ಲಿ ಎಷ್ಟು ಪಳಗಿದ್ದಾನೆ ಅಂದರೆ ಕೈ ಅದನ್ನು ಬಿಡುವುದಿಲ್ಲ. ಐಸ್ ಹಾಕಿದರೆ ಜಾಸ್ತಿ ಬರುತ್ತದೆ ಅನ್ನುವುದೂ ಅವನ ಲೆಕ್ಕದಲ್ಲಿ ನಿಜ. ನಟ ಅದನ್ನು ಪೂರ್ತಿ ನಂಬಿ ಹೇಳಬೇಕು. ತಾನು ಜೋಕು ಹೇಳುತ್ತಿದ್ದೇನೆ ಅಂತ ಅವನ ಮುಖದಲ್ಲಿ ಕಂಡರೆ ಮುಗಿಯಿತು.

ನಗು ಬಂದಾಗ ಏನು ಮಾಡಬೇಕು ಅಂತ ಬೆಳಿಗ್ಗೆ ಒಬ್ಬ ಹುಡುಗಿ ಕೇಳಿದಳು. ನಗು ಏರುತ್ತದೆ, ಒಂದು ಕಡೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಏರುವಾಗ ಮಾತಾಡಿದರೆ ಮಾತೂ ಹೋಯಿತು, ನಗೂ ಹೋಯಿತು. ಪೂರ್ತಿ ನಿಂತ ಮೇಲೆ ಮಾತಾಡಿದರೆ ವೇಗ ಹೋಗುತ್ತದೆ, ಮತ್ತೆ ಸೊನ್ನೆಯಿಂದ ಕಟ್ಟಬೇಕು. ಇಳಿಯಲು ಶುರುವಾಗಿ ಅರ್ಧಕ್ಕೆ ಬಂದಾಗ ಮುಂದಿನ ಮಾತು ಹಿಡಿಯಬೇಕು. ಅಲ್ಲಿಯವರೆಗೂ ಪಾತ್ರದಲ್ಲೇ ಇರಬೇಕು, ಜನರ ಕಡೆ ನೋಡಬಾರದು. ಮುಂದಿನ ಮೊದಲ ಎರಡು ಪದ ಕೇಳಿಸದೇ ಹೋದರೂ ನಷ್ಟ ಆಗದ ಹಾಗೆ ಬರೆಯಿರಿ. ನಮ್ಮ ಸ್ಕ್ರಿಪ್ಟಿನಲ್ಲಿ ಐಸ್ ಆದ ಮೇಲೆ ಎಚ್‌ಒಡಿ ಮಾತು 'ಅಲ್ಲಾ ಯಜಮಾನ್ರೇ, ಒಂದ್ನಿಮಿಷ, ಐಸಾ?' ಅಂತಿದೆ. ಮೊದಲ ಮೂರು ಪದ ನಗುವಿನಲ್ಲಿ ಮುಳುಗಿದರೆ ಮುಳುಗಲಿ ಅಂತಲೇ ಇಟ್ಟದ್ದು.

ನಗು ಬರಲೇ ಇಲ್ಲ ಅಂದರೆ? ಕಾಯಬೇಡಿ. ಅದೇ ವೇಗದಲ್ಲಿ ಮುಂದೆ ಹೋಗಿ. ಬಯಲು ರಂಗಮಂದಿರದಲ್ಲಿ ಇನ್ನೂ ಎಚ್ಚರ ಬೇಕು. ಗೋಡೆ, ಚಾವಣಿ ಇಲ್ಲದ ಕಡೆ ನಗು ಹರಡಿಹೋಗುತ್ತದೆ, ವೇದಿಕೆ ಮೇಲಿರುವವರಿಗೆ ಕಡಿಮೆ ಕೇಳಿಸುತ್ತದೆ. ಜನ ನಗುತ್ತಿಲ್ಲ ಅಂದುಕೊಂಡು ಹುಡುಗರು ಓಡಲು ಶುರುಮಾಡುತ್ತಾರೆ. ಅಲ್ಲಿ ಕಿವಿ ನಂಬಬೇಡಿ. ಮುಂದಿನ ಎರಡು ಸಾಲಿನವರ ಭುಜ ನೋಡಿ.

ಸಮಯದ ಲೆಕ್ಕವೂ ಇದರ ಜೊತೆಯೇ ಬರುತ್ತದೆ. ಖಾಲಿ ಹಾಲ್‌ನಲ್ಲಿ ಈ ಸ್ಕಿಟ್ 7 ನಿಮಿಷ 40 ಸೆಕೆಂಡ್ ಆಗುತ್ತಿತ್ತು. ಜನರ ಮುಂದೆ 9 ನಿಮಿಷ ದಾಟಿತು. ಹತ್ತು ನಿಮಿಷದ ಸ್ಪರ್ಧೆಗೆ ರಿಹರ್ಸಲ್‌ನಲ್ಲೇ ಹತ್ತು ನಿಮಿಷ ಆಗುವ ಹಾಗೆ ಬರೆದರೆ, ನಗು ಬಂದಷ್ಟೂ ನಿಮಗೇ ತೊಂದರೆ. ಎಂಟರ ಒಳಗೆ ನಿಲ್ಲಿಸಿ.

ಇನ್ನು ಕೊನೆ. ನಿಜವಾದ ಅಪ್ಪ ಒಳಗೆ ಬರುತ್ತಾರೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಊಟದ ಕ್ಯಾರಿಯರ್. 'ನಮ್ ಶಿವು ಇಲ್ಲವ್ನಾ ಸಾ? ಊಟ ಮರ್ತು ಬಂದವ್ನೆ.' ಎಚ್‌ಒಡಿ ಅವರನ್ನು ನೋಡುತ್ತಾರೆ, ಲೋಕಣ್ಣನನ್ನು ನೋಡುತ್ತಾರೆ. ಇಲ್ಲಿ ಕೊನೆಯ ಮಾತು ಏನಿರಬೇಕು ಅಂತ ನಾವು ಒಂದು ವಾರ ಜಗಳ ಆಡಿದೆವು. ಶಿವು ಕ್ಷಮೆ ಕೇಳುವುದು, ಅಪ್ಪ ಅಳುವುದು, ಎಚ್‌ಒಡಿ ಬುದ್ಧಿ ಹೇಳುವುದು, ಎಲ್ಲಾ ಬರೆದು ನೋಡಿದೆವು. ಉತ್ತರ ಮೊದಲ ದೃಶ್ಯದಲ್ಲೇ ಇತ್ತು. ಅಂಗಡಿಯಲ್ಲಿ ಲೋಕಣ್ಣ ಬಂದ ಗಿರಾಕಿಗೆಲ್ಲ ಕೇಳುವ ಮಾತು: 'ಐಸ್ ಹಾಕ್ಲಾ?' ಆ ದೃಶ್ಯದಲ್ಲಿ ಅದನ್ನು ಎರಡು ಸಲ ಸ್ಪಷ್ಟವಾಗಿ ಕೇಳಿಸುವ ಹಾಗೆ ಇಟ್ಟೆವು. ನಗುವಿಗಲ್ಲ, ನೆನಪಿಗೆ. ಅದು ನೆನಪಿನಲ್ಲಿ ಉಳಿದಿದೆಯಾ ಅಂತ ತಿಳಿಯಲು, ಸ್ಕಿಟ್ ಗೊತ್ತಿಲ್ಲದ ಐದು ಜನರ ಮುಂದೆ ಮೊದಲ ದೃಶ್ಯ ಮಾತ್ರ ಆಡಿ, ಹತ್ತು ನಿಮಿಷ ಬಿಟ್ಟು 'ಲೋಕಣ್ಣ ಏನಂತಾನೆ?' ಅಂತ ಕೇಳಿದೆವು. ಮೊದಲ ಸಲ ಇಬ್ಬರಿಗೆ ನೆನಪಿತ್ತು. ಆ ಮಾತಿನ ಹತ್ತಿರ ಇದ್ದ ಬೇರೆ ಜೋಕು ತೆಗೆದ ಮೇಲೆ ಐವರಿಗೂ ನೆನಪಿತ್ತು.

ಎಚ್‌ಒಡಿ: (ಲೋಕಣ್ಣನಿಗೆ) ಹಾಗಾದ್ರೆ ನೀವ್ಯಾರ್ರೀ?
(ಗ್ಯಾಪ್ 3, ಲೋಕಣ್ಣನದು. ಶಿವು ಕಡೆ ನೋಡುತ್ತಾನೆ. ಶಿವು ನೆಲ ನೋಡುತ್ತಾನೆ. ಎಚ್‌ಒಡಿ ಸಿಟ್ಟಿನಿಂದ ಗಂಟೆ ಒತ್ತುತ್ತಾರೆ. ಲೋಕಣ್ಣನ ಬಲಗೈ ಏಳುತ್ತದೆ. ಬಿಗಿ. ಹಗುರ.)
ಲೋಕಣ್ಣ: ಸಾ, ಐಸ್ ಹಾಕ್ಲಾ?
('ಹಾಕ್ಲಾ' ಮುಗಿದ ಕೂಡಲೇ, ಕೈ ಇನ್ನೂ ತಿರುಗುತ್ತಿರುವಾಗಲೇ ಲೈಟ್ ಆಫ್.)

ಆ ಕೊನೆಯ ಸಾಲು ಲೈಟ್‌ನವರಿಗೆ. ಮೊದಲು ಸುಮ್ನೆ 'ಲೈಟ್ ಆಫ್' ಅಂತಿತ್ತು. ಲೈಟ್ ನೋಡುವ ಹುಡುಗ ನಗು ಬರಲಿ, ಆಮೇಲೆ ಆರಿಸೋಣ ಅಂತ ಕಾದ. ಲೋಕಣ್ಣ ಬೆಳಕಿನಲ್ಲಿ ನಾಲ್ಕು ಸೆಕೆಂಡ್ ಕೈ ತಿರುಗಿಸುತ್ತಲೇ ನಿಂತಿದ್ದ. ಮುಂದೆ ಏನೋ ಇದೆ ಅಂತ ಜನ ಕಾದರು, ನಗು ಆರಿತು. ಹಗಲಲ್ಲಿ ಆಡುವಾಗ, ಲೈಟ್ ಇಲ್ಲದ ಹಾಲ್‌ಗಳಲ್ಲಿ, ಅದೇ ಜಾಗದಲ್ಲಿ ಐದೂ ಜನ ಇದ್ದ ಹಾಗೇ ಎರಡು ಎಣಿಕೆ ಕಲ್ಲಾಗಿ ನಿಂತು, ಪ್ಯೂನು ಮೊದಲು ತಿರುಗಿ ಹೊರಡುತ್ತಾನೆ. ಅವನ ಹಿಂದೆಯೇ ಎಲ್ಲರೂ.

ಈಗ ಇಬ್ಬರು ಮೇಲೆ ಬನ್ನಿ. ಒಬ್ಬರು ಎಚ್‌ಒಡಿ, ಒಬ್ಬರು ಲೋಕಣ್ಣ. ಪೆನ್ನು ಯಾರ ಹತ್ತಿರ ಇದೆ?